ಮೂಗಿಗಿಂತ ಮೊದಲು ಲೇಬಲ್ ನೋಡಿ

ಪ್ರಶ್ನೆ: ಸರ್, ಮಗ ಹಾಕಿ ಆಡ್ತಾನೆ. ಕುಶಾಲನಗರದ ರಸ್ತೆ ಬದಿಯಲ್ಲಿ 1,900 ರೂಪಾಯಿಗೆ ನೈಕಿ ಶೂ ತಗೊಂಡೆ. ಡಬ್ಬದ ಮೇಲೆ ಎಂಆರ್‌ಪಿ 7,995 ಇದೆ. ಪೂರ್ತಿ ಕಪ್ಪು ಶೂ. ಡಬ್ಬದ ಮೇಲಿನ ಕೋಡ್ 100 ಅಂತ ಮುಗಿಯುತ್ತೆ, ಶೂ ಒಳಗಿನ ಚೀಟಿಯಲ್ಲಿ 001 ಅಂತ. ತೆಗೆದರೆ ತಲೆ ನೋಯುವಷ್ಟು ವಾಸನೆ. ಅಸಲಿನಾ, ನಕಲಿನಾ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ನಕಲಿ ಅಂತಲೇ ನನ್ನ ಅಂದಾಜು. ಅದಕ್ಕೆ ಮುಖ್ಯ ಕಾರಣ ವಾಸನೆಯಲ್ಲ, ಆ ಎರಡು ಕೋಡ್‌ಗಳು.

ನೈಕಿ ಕೋಡ್‌ನಲ್ಲಿ ಮೊದಲ ಆರು ಅಕ್ಷರ ಶೂವಿನ ಮಾದರಿಗೆ, ಕೊನೆಯ ಮೂರು ಅಂಕಿ ಬಣ್ಣಕ್ಕೆ. ಸಾಮಾನ್ಯವಾಗಿ ಬಣ್ಣದ ಅಂಕಿ 0ಯಿಂದ ಶುರುವಾದರೆ ಕಪ್ಪು, 1ರಿಂದ ಶುರುವಾದರೆ ಬಿಳಿ. ಅಂದರೆ ನಿಮ್ಮ ಡಬ್ಬ ಯಾವುದೋ ಬಿಳಿ ಶೂವಿನದು. ಅಂಗಡಿಯಲ್ಲಿ ಡಬ್ಬ ಅದಲು ಬದಲಾಗೋದೂ ಉಂಟು, ಹಾಗಾಗಿ ಒಳಗಿನ ಚೀಟಿಯ ಕೋಡನ್ನು ಫೋನಿನಲ್ಲಿ ಹುಡುಕಿ. ನಿಮ್ಮ ಕೈಯಲ್ಲಿರುವ ಶೂವೇ ಕಾಣಬೇಕು. ಬೇರೆ ಶೂ ಬಂದರೆ ಮಾತು ಮುಗಿಯಿತು. ಅದೇ ಬಂದರೂ ಪೂರ್ತಿ ನಂಬಬೇಡಿ, ಅಸಲಿ ಕೋಡನ್ನು ನಕಲು ಮಾಡೋದು ಕಷ್ಟವೇನಲ್ಲ. ಅಳತೆಯನ್ನೂ ನೋಡಿ: ನೈಕಿ ಗಂಡಸರ ಶೂನಲ್ಲಿ ಯುಕೆ 8 ಅಂದರೆ ಯುಎಸ್ 9, 27 ಸೆಂಟಿಮೀಟರ್. ಇದು ಎಷ್ಟೋ ನಕಲಿಗಳಲ್ಲಿ ತಾಳೆಯಾಗುವುದಿಲ್ಲ. ನಮ್ಮಲ್ಲಿ ಮಾರುವ ಡಬ್ಬದ ಮೇಲೆ ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ತಿಂಗಳು, ವರ್ಷವೂ ಇರಬೇಕು.

ಇನ್ನು ಹೊಲಿಗೆ. ಎರಡೂ ಶೂಗಳನ್ನು ಜೋಡಿಸಿಟ್ಟು ಹಿಮ್ಮಡಿ ಕಡೆಯಿಂದ ನೋಡಿ. ಹೊಲಿಗೆ ಒಂದರಲ್ಲಿ ನೇರ, ಇನ್ನೊಂದರಲ್ಲಿ ವಾಲಿದ್ದರೆ, ಅಥವಾ ಜೋಡಿ ಸಾಲು ಒಂದಕ್ಕೊಂದು ಹತ್ತಿರ ದೂರ ಆಗುತ್ತಿದ್ದರೆ ಅನುಮಾನಪಡಿ. ಒಂದೆರಡು ದಾರದ ತುದಿ, ಚೂರು ಅಂಟು ಅಸಲಿಯಲ್ಲೂ ಇರುತ್ತೆ. ಅದಕ್ಕೆಲ್ಲ ಗಾಬರಿ ಬೇಡ.

ವಾಸನೆ ಒಂದನ್ನೇ ನಂಬಿ ತೀರ್ಪು ಕೊಡಬಾರದು. ಹೊಸ ಶೂ ಯಾವುದಾದರೂ ಸ್ವಲ್ಪ ನಾರುತ್ತೆ. ಎರಡು ದಿನ ಗಾಳಿಗೆ ಇಟ್ಟ ಮೇಲೂ ಅಂಟಿನ ಘಾಟು ಹಾಗೇ ಇದ್ದರೆ ಅಗ್ಗದ ಅಂಟು ಬಳಸಿರಬಹುದು. ಸೋಲ್ ಬಿಟ್ಟುಕೊಂಡ ಮಾತ್ರಕ್ಕೆ ನಕಲಿ ಅಂತ ಖಂಡಿತ ಹೇಳಲಾಗದು. ನಮ್ಮ ಮಳೆಗಾಲದ ತೇವದಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟ ಅಸಲಿ ಶೂವಿನ ಸೋಲೂ ಪುಡಿಯಾಗುತ್ತೆ.

ಬೆಲೆಯ ವಿಷಯ. ಹಳೆ ಮಾದರಿಯನ್ನು ಕಂಪನಿಯ ಅಂಗಡಿಯಲ್ಲೇ ಅರ್ಧ ಬೆಲೆಗೆ ಕೊಡೋದು ಮಾಮೂಲು. ಕಾಲು ಭಾಗಕ್ಕೂ ಕಮ್ಮಿ, ಅದೂ ಗಾಡಿಯಲ್ಲಿ, ಎಲ್ಲ ಅಳತೆಯಲ್ಲೂ ಸಿಗುತ್ತೆ ಅಂದರೆ ಅದು ರಿಯಾಯಿತಿ ಅಲ್ಲ.

ಬಿಲ್ ಕೊಟ್ಟಿದ್ದಾರಾ? ಕೊಟ್ಟಿದ್ದರೆ ಶೂ, ಡಬ್ಬ, ಎರಡೂ ಲೇಬಲ್‌ನ ಫೋಟೋ ತೆಗೆದಿಟ್ಟು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಇಲ್ಲದಿದ್ದರೆ ಹಣ ವಾಪಸ್ ಬರೋದು ಕಷ್ಟ. ಹುಡುಗ ಅದನ್ನು ಹಾಕಿಕೊಂಡು ಮೈದಾನಕ್ಕೆ ಇಳಿಯೋದು ಬೇಡ. ಓಡುವಾಗ ಸೋಲ್ ಬಿಟ್ಟುಕೊಂಡರೆ ಕಾಲು ಉಳುಕುತ್ತೆ.
– ಸಂ.