ಉಚಿತ ಕಾರ್ಯಾಗಾರದ ಠೇವಣಿ: ಎಷ್ಟು ತೆಗೆದುಕೊಳ್ಳಬೇಕು, ಹೇಗೆ ವಾಪಸ್ ಕೊಡಬೇಕು?

"ನಮ್ಮ ಉಚಿತ ಕಾರ್ಯಾಗಾರಕ್ಕೆ ಹೆಸರು ಕೊಟ್ಟವರು ಸುಮಾರು ಜನ ಬರೋದೇ ಇಲ್ಲ. ಸಣ್ಣ ಠೇವಣಿ ಇಟ್ಟುಕೊಂಡು, ಬಂದವರಿಗೆ ವಾಪಸ್ ಕೊಟ್ಟರೆ ಸರಿಹೋಗುತ್ತಾ? ವಾಪಸ್ ಕೊಡೋದು ಹೇಗೆ?"

ಸರಿಹೋಗುತ್ತದೆ. ಆದರೆ ಠೇವಣಿಯ ದೊಡ್ಡ ಲಾಭ ಬೇರೆಯೇ ಇದೆ. ಬರಲು ಆಗದವರು ಅದನ್ನು ಮೊದಲೇ ತಿಳಿಸುತ್ತಾರೆ.

ನಾನು ನಡೆಸುವುದು ಹೊಲಿಗೆ ಕಾರ್ಯಾಗಾರ. 12 ಮಷಿನ್, ಒಬ್ಬರಿಗೆ ಒಂದು. ಶನಿವಾರ ತರಗತಿ ಇದ್ದರೆ, ಗುರುವಾರ ಸಂಜೆಯೊಳಗೆ ರದ್ದು ಮಾಡಿದವರಿಗೆ ಪೂರ್ತಿ ಹಣ ವಾಪಸ್. ಆ ರಾತ್ರಿಯೇ ಕಾಯುವ ಪಟ್ಟಿಯಲ್ಲಿ ಇರುವವರಿಗೆ ಫೋನ್ ಮಾಡುತ್ತೇನೆ. ಠೇವಣಿ ಶುರು ಮಾಡಿದ ಮೇಲೆ, ಹೇಗೂ ಕೆಲವರು ಬರಲ್ಲ ಅಂತ ಜಾಸ್ತಿ ಹೆಸರು ಬರೆದುಕೊಳ್ಳುವುದನ್ನು ಬಿಟ್ಟುಬಿಡಿ. ಹಣ ಕಟ್ಟಿ ಬಂದವರಿಗೆ ಜಾಗ ಇಲ್ಲ ಅನ್ನುವುದು ತುಂಬಾ ಕೆಟ್ಟದ್ದು.

ಮೊತ್ತ ತೀರಾ ಸಣ್ಣದಾದರೆ, "ಹೋದರೆ ಹೋಗಲಿ, ದುಡ್ಡು ಕೊಟ್ಟಿದ್ದೇನಲ್ಲ" ಅನಿಸಿಬಿಡುತ್ತದೆ. ಇಸ್ರೇಲಿನ ಹೈಫಾದ ಶಿಶುಪಾಲನಾ ಕೇಂದ್ರಗಳ ಅಧ್ಯಯನವೊಂದು 2000ರಲ್ಲಿ ಪ್ರಕಟವಾಯಿತು. ಮಗುವನ್ನು ಕರೆದೊಯ್ಯಲು ತಡವಾಗಿ ಬಂದವರಿಗೆ ಸಣ್ಣ ದಂಡ ಹಾಕಿದಾಗ, ತಡವಾಗಿ ಬರುವವರು ಇನ್ನೂ ಜಾಸ್ತಿಯಾದರು. ಹಾಗಾಗಿ ಕಳೆದುಕೊಂಡರೆ ಬೇಜಾರಾಗುವಷ್ಟು, ಆದರೆ ಕಟ್ಟಲು ಕಷ್ಟವಾಗದಷ್ಟು ಇಡಿ. ಅಷ್ಟೂ ಆಗದವರಿಗೆ ಫಾರ್ಮಿನಲ್ಲಿ "ಠೇವಣಿ ಇಲ್ಲದೆ ಸೇರುತ್ತೇನೆ" ಅನ್ನುವ ಆಯ್ಕೆ ಇರಲಿ. ಕಾರಣ ಮಾತ್ರ ಕೇಳಬೇಡಿ.

ಇನ್ನು ವಾಪಸ್ ಕೊಡುವುದು. ಯಾರೂ ಕೇಳುವ ಹಾಗೆ ಇರಬಾರದು. ಬಾಗಿಲಲ್ಲಿ ಹಾಜರಿ ಗುರುತು ಹಾಕಿ, ಅದೇ ಸಂಜೆ ಪಟ್ಟಿ ನೋಡಿಕೊಂಡು ಕಳಿಸಿಬಿಡಿ. ಆನ್‌ಲೈನಲ್ಲಿ ಬಂದ ಹಣವಾದರೆ ಪೇಮೆಂಟ್ ಗೇಟ್‌ವೇಯಲ್ಲಿ ಆ ಮೂಲ ಪಾವತಿಯನ್ನೇ ತೆರೆದು ರಿಫಂಡ್ ಮಾಡಿ. ನಿಮ್ಮ ಖಾತೆಯಿಂದ ಬೇರೆಯಾಗಿ ಕಳಿಸಿದರೆ ಹಳೆಯ ಪಾವತಿ ಹಾಗೇ ಉಳಿದಿರುತ್ತದೆ. ಆಮೇಲೆ ಇನ್ನೊಬ್ಬರು ಅದನ್ನು ನೋಡಿ ಎರಡನೇ ಸಲ ಕೊಟ್ಟುಬಿಡಬಹುದು. ಕಾರ್ಡಿಗೆ ಹೋಗುವ ಹಣ ಕಾಣಿಸಲು ಎಷ್ಟೋ ಸಲ 5ರಿಂದ 10 ಕೆಲಸದ ದಿನ ಬೇಕು. "ಇವತ್ತು ಕಳಿಸಿದ್ದೇವೆ, ಇಷ್ಟು ದಿನ ಹಿಡಿಯಬಹುದು" ಅಂತ ಒಂದು ಮೆಸೇಜ್ ಹಾಕಿ, ಇಲ್ಲದಿದ್ದರೆ ಫೋನ್ ಬರುತ್ತಲೇ ಇರುತ್ತದೆ.

ಇಲ್ಲೊಂದು ಖರ್ಚಿದೆ. ಎಷ್ಟೋ ಗೇಟ್‌ವೇಗಳು ರಿಫಂಡ್ ಮಾಡಿದರೂ ತಮ್ಮ ಶುಲ್ಕ ವಾಪಸ್ ಕೊಡುವುದಿಲ್ಲ. ಅದನ್ನು ನೀವೇ ಭರಿಸಬೇಕು, ಠೇವಣಿಯಲ್ಲಿ ಮುರಿದುಕೊಳ್ಳಬೇಡಿ. ಹಣ ಪಡೆಯದೆ ಕಾರ್ಡಿನಲ್ಲಿ ತಡೆಹಿಡಿಯುವ ಸೌಲಭ್ಯವೂ ಕೆಲವೆಡೆ ಇದೆ. ಆದರೆ ಆ ತಡೆ ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ತಾನಾಗಿ ಬಿಟ್ಟುಹೋಗುತ್ತದೆ. ತಿಂಗಳ ಮೊದಲೇ ಹೆಸರು ಬರೆಸಿಕೊಳ್ಳುವವರಿಗೆ ಅದು ಕೆಲಸಕ್ಕೆ ಬರಲ್ಲ.

ನಗದಾಗಿದ್ದರೆ ಹೆಸರು ಬರೆದ ಲಕೋಟೆಗಳಲ್ಲಿ ಮೊದಲೇ ಹಾಕಿಟ್ಟು, ತರಗತಿ ಮುಗಿದ ಮೇಲೆ ಸಹಿ ಪಡೆದು ಕೊಡಿ. ಆ ಹೊತ್ತಿನಲ್ಲಿ "ದೇಣಿಗೆ ಅಂತ ಇಟ್ಟುಕೊಳ್ಳಲಾ?" ಅಂತ ಕೇಳಬೇಡಿ. ಎಲ್ಲರ ಎದುರು ಬೇಡ ಅನ್ನಲು ಸಂಕೋಚ ಆಗುತ್ತದೆ ಅಲ್ವಾ?

ಬಾರದವರ ಹಣ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಫಾರ್ಮಿನಲ್ಲೇ ಬರೆಯಿರಿ. ನಾವು ಮುಂದಿನ ತರಗತಿಯ ಬಟ್ಟೆ, ದಾರಕ್ಕೆ ಬಳಸುತ್ತೇವೆ. ಜ್ವರ ಅಂತ ಬೆಳಗ್ಗೆ ಮೆಸೇಜ್ ಮಾಡಿದವರಿಗೆ ಗಡುವು ಮೀರಿದ್ದರೂ ವಾಪಸ್ ಕೊಡುತ್ತೇವೆ, ಡಾಕ್ಟರ ಚೀಟಿ ಕೇಳುವುದಿಲ್ಲ.