ಮಧ್ಯಾಹ್ನದ ಬಿಸಿಲಿನಲ್ಲಿ ಕಾಫಿ ಎಲೆಯ ಲೆಕ್ಕ

"ಬಿಸಿಲು ಹೆಚ್ಚಿದಷ್ಟೂ ಎಲೆ ಹೆಚ್ಚು ಆಹಾರ ತಯಾರಿಸುತ್ತದೆ ಎಂದು ಓದಿದ್ದೆ. ಆದರೆ ನಮ್ಮ ತೋಟದಲ್ಲಿ ಹಾಲುವಾಣದ ಮರ ಬಿದ್ದ ಕಡೆ ಮಾರ್ಚ್ ಬಿಸಿಲಿಗೆ ಕಾಫಿ ಸೊರಗಿದೆ. ಕಣದ ಪಕ್ಕದ ಮುಸುಕಿನ ಜೋಳ ಅದೇ ಬಿಸಿಲಿನಲ್ಲಿ ಚೆನ್ನಾಗಿದೆ. ಆಮ್ಲಜನಕ ಎಲೆಯ ಕೆಲಸ ಕೆಡಿಸುತ್ತದೆ ಎನ್ನುತ್ತಾಳೆ ಮಗಳು. ನಿಜವೇ?"
– ಬೆಳೆಗಾರರೊಬ್ಬರು, ಸೋಮವಾರಪೇಟೆ

ನಿಮ್ಮ ಮಗಳು ಹೇಳಿದ್ದು ಸರಿ. ಎಲೆ ಗಾಳಿಯ ಇಂಗಾಲದಿಂದ ಸಕ್ಕರೆ ಕಟ್ಟುವ ಕ್ಯಾಲ್ವಿನ್ ಚಕ್ರದ ಮೊದಲ ಹೆಜ್ಜೆಯಲ್ಲಿ ರುಬಿಸ್ಕೋ ಎಂಬ ಕಿಣ್ವ ಐದು ಇಂಗಾಲದ ಸಕ್ಕರೆಯೊಂದಕ್ಕೆ ಇಂಗಾಲದ ಡೈಆಕ್ಸೈಡನ್ನು ಜೋಡಿಸುತ್ತದೆ. ಆಗ ಮೂರು ಇಂಗಾಲದ ಎರಡು ತುಂಡುಗಳು ಸಿಗುತ್ತವೆ. ಗಿಡದ ಸಕ್ಕರೆ, ಪಿಷ್ಟ ಎಲ್ಲಕ್ಕೂ ಅವೇ ಮೂಲ. ಆದರೆ ಅದೇ ಜಾಗದಲ್ಲಿ ಆಮ್ಲಜನಕವೂ ಕೂರಬಲ್ಲದು. ರುಬಿಸ್ಕೋ ಇಂಗಾಲದ ಡೈಆಕ್ಸೈಡನ್ನೇ ಹೆಚ್ಚು ಇಷ್ಟಪಡುತ್ತದೆ, ನಿಜ. ಆದರೆ ಗಾಳಿಯಲ್ಲಿ ಅದು ಶೇ. 0.04ರಷ್ಟಿದ್ದರೆ ಆಮ್ಲಜನಕ ಶೇ. 21ರಷ್ಟಿದೆ; ಹಾಗಾಗಿ ಎಡವಟ್ಟು ತಪ್ಪಿದ್ದಲ್ಲ.

ಆಮ್ಲಜನಕ ಕೂತಾಗ ಮೂರು ಇಂಗಾಲದ್ದು ಒಂದೇ ತುಂಡು ಸಿಗುತ್ತದೆ. ಇನ್ನೊಂದು ಎರಡು ಇಂಗಾಲದ ತುಂಡು. ಚಕ್ರಕ್ಕೆ ನೇರವಾಗಿ ಸೇರದು. ಜೀವಕೋಶ ಅಂಥ ಎರಡು ತುಂಡುಗಳನ್ನು ಕೂಡಿಸಿ ಸುತ್ತುದಾರಿಯಲ್ಲಿ ಮೂರು ಇಂಗಾಲ ಉಳಿಸಿಕೊಳ್ಳುತ್ತದೆ, ಒಂದನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಈ ದುರಸ್ತಿಗೆ ಶಕ್ತಿಯ ಖರ್ಚು ಬೇರೆ.

ಒಂದು ಲೆಕ್ಕ ನೋಡಿ. ರುಬಿಸ್ಕೋ ಎಂಟು ಸಲ ಕೆಲಸ ಮಾಡಿತೆನ್ನಿ. 25 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಆರು ಸಲ ಇಂಗಾಲದ ಡೈಆಕ್ಸೈಡ್, ಎರಡು ಸಲ ಆಮ್ಲಜನಕ. ಆರು ಇಂಗಾಲ ಬಂದವು, ಒಂದು ಹೋಯಿತು, ಉಳಿದದ್ದು ಐದು. ಆಮ್ಲಜನಕದ ಕಾಟವಿಲ್ಲದಿದ್ದರೆ ಎಂಟೂ ದಕ್ಕುತ್ತಿದ್ದವು.

ಮಾರ್ಚ್ ಮಧ್ಯಾಹ್ನ ಈ ಲೆಕ್ಕ ಇನ್ನೂ ಕೆಡುತ್ತದೆ. ಎಲೆ ಬಿಸಿಯಾದಂತೆ ಅದರೊಳಗಿನ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಆಮ್ಲಜನಕಕ್ಕಿಂತ ಬೇಗ ಕಡಿಮೆಯಾಗುತ್ತದೆ. ಎರಡನ್ನೂ ಬೇರೆ ಮಾಡಿ ಗುರುತಿಸುವ ಶಕ್ತಿಯನ್ನೂ ರುಬಿಸ್ಕೋ ಕಳೆದುಕೊಳ್ಳುತ್ತ ಹೋಗುತ್ತದೆ. ಜತೆಗೆ ನೀರು ಉಳಿಸಲು ಎಲೆ ತನ್ನ ಪತ್ರರಂಧ್ರಗಳನ್ನು ಮುಚ್ಚುತ್ತದೆ. ಆಗ ಒಳಗಿದ್ದ ಇಂಗಾಲದ ಡೈಆಕ್ಸೈಡ್ ಬೇಗನೆ ಖರ್ಚಾಗುತ್ತದೆ, ಹೊಸದು ಒಳಬರುವುದಿಲ್ಲ.

ಜೋಳ ಇದರಿಂದ ಪಾರಾಗುವ ಬಗೆ ನನಗೆ ಯಾವತ್ತೂ ಅಚ್ಚರಿ. ಆಮ್ಲಜನಕವನ್ನು ಹಿಡಿಯದ ಬೇರೊಂದು ಕಿಣ್ವದಿಂದ ಅದು ಇಂಗಾಲವನ್ನು ಮೊದಲು ಸೆರೆಹಿಡಿದು, ನರಗಳ ಸುತ್ತಲಿನ ಕೋಶಗಳಿಗೆ ಸಾಗಿಸಿ, ಅಲ್ಲಿರುವ ರುಬಿಸ್ಕೋ ಸುತ್ತ ದಟ್ಟವಾಗಿ ತುಂಬುತ್ತದೆ. ಪ್ರಯೋಗಾಲಯದಲ್ಲಿ ಗಾಳಿಯ ಆಮ್ಲಜನಕವನ್ನು ಶೇ. 2ಕ್ಕೆ ಇಳಿಸಿದರೆ ಕಾಫಿ, ಭತ್ತದಂಥ ಗಿಡಗಳ ಇಂಗಾಲ ಹೀರಿಕೆ ಕೂಡಲೇ ಏರುತ್ತದೆ. ಜೋಳದ್ದು ಹೆಚ್ಚೇನೂ ಕದಲುವುದಿಲ್ಲ. ಈ ಏರ್ಪಾಡಿಗೂ ಖರ್ಚಿದೆ, ಅದಕ್ಕೇ ತಂಪಿನ ನೆರಳಿನಲ್ಲಿ ಜೋಳಕ್ಕೆ ಇದರ ಲಾಭ ಸಿಗುವುದಿಲ್ಲ.

ಕಾಫಿ ಸೊರಗಲು ಇದೊಂದೇ ಕಾರಣವಲ್ಲ. ಹಾಲುವಾಣ ಬಿದ್ದ ಕಡೆ ಮಣ್ಣು ಒಣಗುತ್ತದೆ, ತೀರ ಹೆಚ್ಚಿನ ಬೆಳಕೇ ಎಲೆಗೆ ಪೆಟ್ಟು ಕೊಡುತ್ತದೆ. ಆ ಜಾಗಕ್ಕೆ ಹೊಸ ನೆರಳುಮರ ನೆಡಿ. ಅದು ಬೆಳೆಯುವವರೆಗೆ ಪಡುವಣ ಕಡೆಯ ಮರಗಳ ಕೊಂಬೆಗಳನ್ನು ಕಪಾತು ಮಾಡದೆ ಬಿಡಿ. ಮುಂಜಾನೆ, ಎಲೆ ತಂಪಾಗಿದ್ದು ರಂಧ್ರಗಳು ತೆರೆದಿರುವಾಗ ಬೀಳುವ ಬೆಳಕನ್ನು ಮಾತ್ರ ತಡೆಯಬೇಡಿ.