ನಗು ಬಂದದ್ದು ಯಾವ ಮಾತಿಗೆ?

ಮಾನ್ಯ ಸಂಪಾದಕರೇ, ನಮ್ಮೂರ ಹಾಲು ಉತ್ಪಾದಕರ ಸಂಘದ ವಾರ್ಷಿಕ ಸಭೆಯಲ್ಲಿ ಚರ್ಮಗಂಟು ರೋಗಕ್ಕೆ ಬಲಿಯಾದ ರಾಸುಗಳ ಬಗ್ಗೆ ಮಾತನಾಡಿದೆ. ಎಲ್ಲರೂ ತಲೆ ತಗ್ಗಿಸಿ ಕೇಳುತ್ತಿದ್ದರು. ‘ಆದರೆ ಎದೆಗುಂದಬೇಡಿ, ಉಜ್ವಲ ಭವಿಷ್ಯ ನಮ್ಮ ಮುಂದಿದೆ’ ಎಂದೆ ನೋಡಿ, ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ದುಃಖದಿಂದ ಭರವಸೆಗೆ ಹೊರಳುವುದು ಹೇಗೆ?
– ಓದುಗ, ಪಾಂಡವಪುರ ತಾಲ್ಲೂಕು

ನಕ್ಕವರ ಮೇಲೆ ಸಿಟ್ಟು ಬೇಡ. ಅಲ್ಲಿಯವರೆಗೆ ರಾಸು, ಕೊಟ್ಟಿಗೆ ಎನ್ನುತ್ತಿದ್ದ ಊರಿನವರೊಬ್ಬರು ಥಟ್ಟನೆ ಮರೆಯಾಗಿ, ಆ ಜಾಗದಲ್ಲಿ ಚುನಾವಣಾ ಭಾಷಣಕಾರರೊಬ್ಬರು ನಿಂತಂತೆ ಅವರಿಗೆ ಕಂಡಿರಬೇಕು. ‘ಉಜ್ವಲ’ ಎಂದಾಗ ದನಿಯೂ ಏರಿತ್ತೆಂದು ನನ್ನ ಊಹೆ. ಆ ಪದವನ್ನು ಮೆಲುದನಿಯಲ್ಲಿ ಹೇಳಿದವರನ್ನು ನಾನು ಕಂಡಿಲ್ಲ.

1948ರ ಜನವರಿ 30ರ ರಾತ್ರಿ, ಗಾಂಧೀಜಿಯವರ ಹತ್ಯೆಯ ಸುದ್ದಿಯನ್ನು ನೆಹರೂ ಆಕಾಶವಾಣಿಯಲ್ಲಿ ದೇಶಕ್ಕೆ ತಿಳಿಸಿದರು. ನಮ್ಮ ಬಾಳಿನ ಬೆಳಕು ಆರಿತು ಎಂದು ಶುರು ಮಾಡಿದವರು, ತುಸು ಹೊತ್ತಿನಲ್ಲೇ ಬೆಳಕು ಆರಿತೆಂದು ನಾನು ಹೇಳಿದ್ದು ತಪ್ಪು, ಅದು ಸಾಮಾನ್ಯ ಬೆಳಕಲ್ಲ ಎಂದರು. ಹೊಸ ವಿಷಯವನ್ನು ಹೊರಗಿನಿಂದ ತರಲಿಲ್ಲ. ದುಃಖ ಹೇಳಿದ ಬೆಳಕಿನ ಮಾತಿಗೇ ಮರಳಿ, ತಮ್ಮನ್ನೇ ತಿದ್ದಿಕೊಂಡರು. ಆದ್ದರಿಂದ ಕೇಳುವವರಿಗೆ ತಿರುವು ತಿರುವೆನಿಸುವುದಿಲ್ಲ.

ನಿಮ್ಮ ಭಾಷಣದಲ್ಲಿ ಆ ಕೆಲಸಕ್ಕೆ ಖಾಲಿ ಕೊಟ್ಟಿಗೆ ಸಾಕು. ಹೀಗೆ ಹೇಳಿ ನೋಡಿ: ‘ಬೆಳಿಗ್ಗೆ ಹಾಲು ತರುತ್ತಿದ್ದ ಕೆಲವರು ಈಗ ಡೈರಿಗೆ ಬರುತ್ತಿಲ್ಲ, ಅವರ ಕೊಟ್ಟಿಗೆ ಖಾಲಿ. ಮೈಮೇಲೆ ಗಂಟು ಎದ್ದರೆ ಮೊದಲು ರಾಸನ್ನು ಬೇರೆ ಕಟ್ಟಿ ಎಂದು ಪಕ್ಕದವರಿಗೆ ಹೇಳಿಕೊಟ್ಟವರೂ ಅವರೇ. ಅವರ ಮಾತು ಕೇಳಿದ್ದರಿಂದ ಉಳಿದುಕೊಂಡ ರಾಸುಗಳು ಊರಿನಲ್ಲಿವೆ. ಈ ಸಲ ಮಳೆಗಾಲಕ್ಕೆ ಮುಂಚೆಯೇ ಅವುಗಳಿಗೆ ಲಸಿಕೆ ಹಾಕಿಸೋಣ.’

ನಡುವಿನ ಎರಡು ವಾಕ್ಯಗಳನ್ನು ಗಮನಿಸಿ. ಅವು ಪೂರ್ತಿ ದುಃಖದವೂ ಅಲ್ಲ, ಪೂರ್ತಿ ಭರವಸೆಯವೂ ಅಲ್ಲ. ನಡೆದದ್ದು, ಇರುವುದು, ಮಾಡಬೇಕಾದದ್ದು ಎಂದು ಕ್ರಿಯಾಪದಗಳು ತಾವಾಗಿ ಮುಂದಕ್ಕೆ ಸಾಗುತ್ತವೆ. ‘ಆದರೆ’ಯ ಅಗತ್ಯವೇ ಬೀಳುವುದಿಲ್ಲ, ನಷ್ಟದ ಮಾತು ಮುಗಿದೊಡನೆ ಬರುವ ‘ಆದರೆ’ ಅಷ್ಟು ಹೊತ್ತು ಹೇಳಿದ್ದನ್ನು ಬದಿಗೆ ತಳ್ಳಿದಂತೆ ಕೇಳಿಸುತ್ತದೆ. ಭರವಸೆಯೂ ಲಸಿಕೆಯಷ್ಟೇ ದೊಡ್ಡದು. ಹಸು ಕಳೆದುಕೊಂಡವರ ಎದುರು ಅದಕ್ಕಿಂತ ದೊಡ್ಡದನ್ನು ಹೇಳಿದರೆ ನಂಬುವವರಿಲ್ಲ. ಇದಕ್ಕೂ ಒಂದು ಮಿತಿಯಿದೆ: ಹೀಗೆ ಎಚ್ಚರಿಸಿದವರು ನಿಮ್ಮೂರಿನಲ್ಲಿ ನಿಜವಾಗಿ ಇಲ್ಲದಿದ್ದರೆ ಈ ಸೇತುವೆ ಕಟ್ಟಬೇಡಿ, ನಡೆದ ಬೇರೊಂದನ್ನು ಹುಡುಕಿ.

ದನಿಯ ವಿಷಯ ಸುಲಭ. ಮನೆಯಲ್ಲಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ, ತಿರುವಿನ ಹಿಂದುಮುಂದಿನ ಅರ್ಧ ನಿಮಿಷವನ್ನಷ್ಟೇ ಕೇಳಿ. ಲಸಿಕೆಯ ಮಾತಿನ ಮೊದಲ ವಾಕ್ಯ ಕೊಟ್ಟಿಗೆಯ ಮಾತಿನಷ್ಟೇ ನಿಧಾನವಾಗಿರಬೇಕು. ವೇಗ ಬೇಕಿದ್ದರೆ ಮೂರನೆಯ ವಾಕ್ಯದಿಂದ ಬರಲಿ. ಕೊನೆಗೊಂದು ವಚನ ಸೇರಿಸುವ ಆಸೆಯಿದ್ದರೆ ಈ ಭಾಷಣದ ಮಟ್ಟಿಗೆ ಕೈಬಿಡಿ. ಲಸಿಕೆ ಹಾಕುವ ದಿನಾಂಕ ಹೇಳಿ ಕುಳಿತುಕೊಳ್ಳಿ.
– ಸಂಪಾದಕ